ಔಷಧದ ಬೆನ್ನಿಗೆ ಬರುವ ಭೇದಿ

ರೋಗಕ್ಕೆ ಔಷಧವೆಂಬುದು ಎಲ್ಲರಿಗೂ ತಿಳಿದ ಮಾತು. ಔಷಧವೇ ರೋಗಕ್ಕೆ ಬಾಗಿಲು ತೆರೆಯುವುದುಂಟೆಂದರೆ ವಾಚಕರಿಗೆ ತುಸು ವಿಚಿತ್ರವಾಗಿ ತೋರಬಹುದು. ಔಷಧದಂಗಡಿಯಲ್ಲಿ ಆಂಟಿಬಯಾಟಿಕ್ ಎಂದು ಕೇಳಿ ಪಡೆಯುವ ಪ್ರತಿಜೈವಿಕ ಔಷಧಗಳ ವಿಷಯದಲ್ಲಿ ಇದು ಅಕ್ಷರಶಃ ನಿಜ. ಹಲ್ಲಿನ ಬಾವಿಗೋ ಶ್ವಾಸಕೋಶದ ಉರಿಯೂತಕ್ಕೋ ಇಂಥ ಔಷಧವನ್ನು ಸೇವಿಸಿ ಗುಣಹೊಂದಿದವನೊಬ್ಬನಿಗೆ, ಕೆಲವು ದಿನಗಳ ಬಳಿಕ, ತಡೆಯಿಲ್ಲದ ಭೇದಿ ಹತ್ತುವುದುಂಟು. ಹಾಗೆ ಹತ್ತುವ ಭೇದಿಗಳಲ್ಲಿ ಬಹುಪಾಲು ಔಷಧ ನಿಂತೊಡನೆ ತಾವಾಗಿಯೇ ನಿಲ್ಲುತ್ತವೆ. ಸುಮಾರು ಐದರಲ್ಲಿ ಒಂದು ಪಾಲು ಮಾತ್ರ ಹಾಗೆ ನಿಲ್ಲದೆ, ಕರುಳಿನ ಒಳಗೋಡೆಯನ್ನೇ ಹುಣ್ಣಾಗಿಸಿ, ವೃದ್ಧರಲ್ಲಿ ಪ್ರಾಣಕ್ಕೂ ಎರವಾಗಬಲ್ಲುದು. ಇದರ ಕಾರಣವು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯ. ಹೆಸರು ಉದ್ದವಾದುದರಿಂದ ಮುಂದೆ ಇದನ್ನು ಡಿಫಿಸಿಲ್ ಎಂದಷ್ಟೇ ಕರೆಯೋಣ.

ಈ ರೋಗದ ಅತಿ ಕುತೂಹಲಕರವಾದ ಗುಣವೆಂದರೆ ಅದು ಮರಳಿ ಬರುವ ಬಗೆ. ಚಿಕಿತ್ಸೆ ಸರಿಯಾಗಿ ನಡೆದು, ಭೇದಿ ಪೂರ್ತಿಯಾಗಿ ನಿಂತು, ರೋಗಿಯು ಮನೆಗೆ ಬಂದು ಹತ್ತು ಹದಿನೈದು ದಿನಗಳಾಗಿರುವಾಗ ಅದೇ ರೋಗ ಮತ್ತೆ ಕಾಣಿಸಿಕೊಳ್ಳುತ್ತದೆ. ಹೀಗೇಕಾಗುತ್ತದೆ, ಅದನ್ನು ತಡೆಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ಮುಖ್ಯವಾಗಿ ವಿಚಾರಿಸೋಣ. ಅದಕ್ಕೆ ಮೊದಲು ಈ ಜೀವಿಯ ಪರಿಚಯವಾಗಬೇಕು.

ಹೆಸರಿನ ಹಿಂದಿನ ಕಥೆ

1935ರಲ್ಲಿ ಅಮೆರಿಕದ ಹಾಲ್ ಮತ್ತು ಓ'ಟೂಲ್ ಎಂಬ ಇಬ್ಬರು ಸಂಶೋಧಕರು ನವಜಾತ ಶಿಶುಗಳ ಕರುಳಿನಲ್ಲಿರುವ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ಬೆಳೆಸುತ್ತಿದ್ದರು. ಅವುಗಳಲ್ಲೊಂದು ಗಾಳಿಯನ್ನು ಸಹಿಸದೆ, ಬಹು ನಿಧಾನವಾಗಿ ಬೆಳೆಯುತ್ತ, ಅವರನ್ನು ಬಹಳ ಕಾಡಿಸಿತು. ಆದುದರಿಂದ ಅದಕ್ಕೆ 'ಕಷ್ಟದ್ದು' ಎಂಬ ಅರ್ಥ ಬರುವಂತೆ ಲ್ಯಾಟಿನ್ ಹೆಸರನ್ನಿಟ್ಟರು. ಅದು ಸ್ರವಿಸುವ ವಿಷವು ಪ್ರಯೋಗಶಾಲೆಯ ಪ್ರಾಣಿಗಳಿಗೆ ಮಾರಕವಾಗಿತ್ತು. ಶಿಶುಗಳು ಮಾತ್ರ ಆರೋಗ್ಯವಾಗಿಯೇ ಇದ್ದುವು. ಇಂದಿಗೂ ಅನೇಕ ಶಿಶುಗಳು ಈ ಬ್ಯಾಕ್ಟೀರಿಯವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಯಾವ ತೊಂದರೆಯೂ ಇಲ್ಲದೆ ಬೆಳೆಯುತ್ತವೆ. ಹೀಗಾಗಿ ನಲವತ್ತು ವರ್ಷಗಳಷ್ಟು ಕಾಲ ಇದನ್ನು ಯಾರೂ ಗಮನಿಸಲಿಲ್ಲ.

1974ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವೈದ್ಯರು ಕ್ಲಿಂಡಮೈಸಿನ್ ಎಂಬ ಔಷಧವನ್ನು ಪಡೆಯುತ್ತಿದ್ದ 200 ರೋಗಿಗಳನ್ನು ಎಚ್ಚರಿಕೆಯಿಂದ ಪರೀಕ್ಷಿಸಿದರು. ಅವರಲ್ಲಿ 42 ಮಂದಿಗೆ ಭೇದಿಯಾಯಿತು. 20 ಮಂದಿಯ ದೊಡ್ಡ ಕರುಳಿನ ಒಳಮೈಯಲ್ಲಿ ಹಳದಿ ಬಣ್ಣದ, ಪೊರೆಯಂಥ ಬೊಕ್ಕೆಗಳು ಕಾಣಿಸಿದುವು. ಔಷಧವೇ ಕರುಳನ್ನು ಕೆಡಿಸುತ್ತಿದೆಯೆಂದು ಮೊದಲು ಊಹಿಸಲಾಯಿತು. ಆದರೆ 1978ರ ವೇಳೆಗೆ ಜಾನ್ ಬಾರ್ಟ್‌ಲೆಟ್ ಮತ್ತು ಸಂಗಡಿಗರು, ಹ್ಯಾಮ್‌ಸ್ಟರ್ ಎಂಬ ಇಲಿಯ ಜಾತಿಯ ಪ್ರಾಣಿಗಳ ಮೇಲೆಯೂ ರೋಗಿಗಳ ಮಲದ ಮೇಲೆಯೂ ಪ್ರಯೋಗಗಳನ್ನು ನಡೆಸಿ, ಅಪರಾಧಿ ಔಷಧವಲ್ಲ, ಔಷಧವು ತೆರವು ಮಾಡಿಕೊಟ್ಟ ಜಾಗದಲ್ಲಿ ಬೆಳೆದ ಡಿಫಿಸಿಲ್ ಎಂದು ತೋರಿಸಿಕೊಟ್ಟರು. ಔಷಧದ ಪಾತ್ರ ಕಾವಲುಗಾರರನ್ನು ಕೊಂದುದಷ್ಟೆ. ಕಳ್ಳ ಬೇರೆಯೇ ಇದ್ದ.

ಬೀಜಾಣುವೂ ಪಿತ್ತರಸವೂ

ಡಿಫಿಸಿಲ್ ಬ್ಯಾಕ್ಟೀರಿಯಕ್ಕೆ ಎರಡು ರೂಪಗಳಿವೆ. ಒಂದು, ತಿಂದು ಬೆಳೆದು ಎರಡಾಗಿ ಒಡೆಯುತ್ತ ವಿಷವನ್ನು ಸುರಿಸುವ ಜೀವಂತ ಕೋಶ. ಇದು ಗಾಳಿ ತಾಕಿದರೆ ಸಾಯುವಷ್ಟು ನಾಜೂಕಾದುದು. ಇನ್ನೊಂದು ಬೀಜಾಣು. ರಾಗಿಯ ಕಾಳು ಕಣಜದಲ್ಲಿ ವರ್ಷಗಟ್ಟಲೆ ಒಣಗಿ ಬಿದ್ದಿದ್ದು ಮಳೆ ತಾಕಿದೊಡನೆ ಮೊಳೆಯುವಂತೆ, ಈ ಬೀಜಾಣುವು ಉಣ್ಣದೆ, ಬೆಳೆಯದೆ, ಸಾಯದೆ ತಿಂಗಳುಗಟ್ಟಲೆ ಬಿದ್ದಿರಬಲ್ಲುದು. ಅದರ ಒಳಗೆ ನೀರು ಬಹಳ ಕಡಿಮೆ. ಸುತ್ತಲೂ ಸಸಾರಜನಕ ದ್ರವ್ಯದ ಹಲವು ಪದರಗಳ ಗಟ್ಟಿ ಕವಚ. ಜಠರದ ಆಮ್ಲಕ್ಕೆ ಅದು ಜಗ್ಗದು. ಪ್ರತಿಜೈವಿಕ ಔಷಧಕ್ಕೂ ಜಗ್ಗದು. ಬೆಳೆಯುವ ಜೀವಿಯ ಕೆಲಸಕಾರ್ಯಗಳಿಗೆ ಅಡ್ಡಿಮಾಡುವುದೇ ಅಂಥ ಔಷಧದ ರೀತಿಯಾದುದರಿಂದ, ಯಾವ ಕೆಲಸವನ್ನೂ ಮಾಡದೆ ಮಲಗಿರುವ ಬೀಜಾಣುವಿಗೆ ಅದರಿಂದ ಆಗಬೇಕಾದುದೇನೂ ಇಲ್ಲ.

ಹಾಗಾದರೆ ತಾನು ಕರುಳಿನೊಳಗೆ ಬಂದಿದ್ದೇನೆಂದು ಈ ಬೀಜಾಣುವಿಗೆ ತಿಳಿಯುವುದೆಂತು? ಇಲ್ಲಿಯೇ ಈ ರೋಗದ ಗುಟ್ಟೊಂದು ಅಡಗಿದೆ. ನಮ್ಮ ಯಕೃತ್ತು ಕೊಬ್ಬನ್ನು ಜೀರ್ಣಿಸುವುದಕ್ಕಾಗಿ ಪಿತ್ತಾಮ್ಲಗಳನ್ನು ತಯಾರಿಸಿ ಸಣ್ಣ ಕರುಳಿಗೆ ಕಳುಹಿಸುತ್ತದೆ. ಅವುಗಳ ಬಹುಭಾಗ ಸಣ್ಣ ಕರುಳಿನ ಕೊನೆಯಲ್ಲಿ ಮರಳಿ ಹೀರಲ್ಪಡುತ್ತದೆ. ನೂರರಲ್ಲಿ ಐದರಷ್ಟು ಮಾತ್ರ ದೊಡ್ಡ ಕರುಳಿಗೆ ಜಾರುತ್ತದೆ. ಯಕೃತ್ತಿನಿಂದ ಬಂದಂತೆಯೇ ಇರುವ ಈ ಮೂಲ ಪಿತ್ತಾಮ್ಲಗಳಲ್ಲಿ ಟಾರೋಕೋಲೇಟ್ ಎಂಬುದು, ಗ್ಲೈಸಿನ್ ಎಂಬ ಅಮೈನೋ ಆಮ್ಲದೊಡನೆ ಸೇರಿದಾಗ, ಬೀಜಾಣುವಿಗೆ 'ಏಳು, ಮೊಳೆ' ಎಂಬ ಸಂಜ್ಞೆಯಾಗುತ್ತದೆ.

ಆರೋಗ್ಯವಂತನ ದೊಡ್ಡ ಕರುಳಿನಲ್ಲಿ ಲಕ್ಷಕೋಟಿಗಳ ಲೆಕ್ಕದಲ್ಲಿ ನೂರಾರು ಜಾತಿಯ ಬ್ಯಾಕ್ಟೀರಿಯಗಳು ನೆಲಸಿರುತ್ತವೆ. ಅವುಗಳಲ್ಲಿ ಕೆಲವೇ ಕೆಲವು ಜಾತಿಗಳಿಗೆ ಒಂದು ವಿಶೇಷ ಕೌಶಲವುಂಟು. ಅವು ಮೂಲ ಪಿತ್ತಾಮ್ಲದ ಅಣುವಿನಿಂದ ಒಂದು ಸಣ್ಣ ತುಣುಕನ್ನು ಕಿತ್ತು, ಅದನ್ನು ಡಿಯಾಕ್ಸಿಕೋಲೇಟ್ ಎಂಬ ಮಾರ್ಪಟ್ಟ ಪಿತ್ತಾಮ್ಲವನ್ನಾಗಿ ಮಾಡುತ್ತವೆ. ಈ ಮಾರ್ಪಟ್ಟ ರೂಪವು ಡಿಫಿಸಿಲ್‌ನ ಬೆಳೆಯುವ ಕೋಶಕ್ಕೆ ವಿಷ. ಆದುದರಿಂದ ಬೀಜಾಣು ಮೊಳೆತರೂ ಮೊಳಕೆ ಅಲ್ಲಿಯೇ ಬಾಡಿಹೋಗುತ್ತದೆ. ಇದರ ಜೊತೆಗೆ ಕರುಳಿನ ಆಹಾರಾಂಶಗಳನ್ನೆಲ್ಲ ಅಲ್ಲಿಯ ಹಳೆಯ ನಿವಾಸಿಗಳು ಮೊದಲೇ ತಿಂದು ಮುಗಿಸಿರುವುದರಿಂದ ಹೊಸಬನಿಗೆ ಉಣಿಸೂ ದೊರೆಯದು. ಪ್ರತಿಜೈವಿಕ ಔಷಧವು ಬಂದು ಈ ನಿವಾಸಿಗಳನ್ನು ಅಳಿಸಿದಾಗ ಎರಡು ಬಗೆಯ ರಕ್ಷಣೆಯೂ ಒಮ್ಮೆಲೇ ಕಳಚಿಬೀಳುತ್ತದೆ: ಮೂಲ ಪಿತ್ತಾಮ್ಲ ಹೆಚ್ಚುತ್ತದೆ, ಮಾರ್ಪಟ್ಟುದು ಇಲ್ಲವಾಗುತ್ತದೆ, ತಿನ್ನುವವರಿಲ್ಲದ ಸಕ್ಕರೆಗಳು ಉಳಿಯುತ್ತವೆ. ಉತ್ತು ಹಸನುಮಾಡಿದ ಹೊಲ ಕಳೆಗೆ ಸಿಕ್ಕಿದಂತಾಗುತ್ತದೆ.

ಹೀಗೆ ಬೆಳೆದ ಡಿಫಿಸಿಲ್ ಎರಡು ವಿಷಗಳನ್ನು ಸುರಿಸುತ್ತದೆ. ಅವುಗಳಿಗೆ ಎ ಮತ್ತು ಬಿ ಎಂದು ಹೆಸರು. ಕರುಳಿನ ಒಳಗೋಡೆಯ ಪ್ರತಿಯೊಂದು ಕೋಶದೊಳಗೂ ಅದರ ಆಕಾರವನ್ನು ಹಿಡಿದಿರುವ ಎಳೆಗಳ ಒಂದು ಹಂದರವಿರುತ್ತದೆ. ಆ ಹಂದರವನ್ನು ಕಟ್ಟುವ ಕೆಲಸದ ಮೇಲ್ವಿಚಾರಕ ಅಣುಗಳಿಗೆ ಈ ವಿಷಗಳು ಸಕ್ಕರೆಯ ಒಂದು ಅಣುವನ್ನು ಅಂಟಿಸಿ ಅವನ್ನು ನಿಷ್ಕ್ರಿಯಗೊಳಿಸುತ್ತವೆ. ಕಂಬ ಕಿತ್ತ ಡೇರೆಯಂತೆ ಕೋಶವು ಕುಸಿಯುತ್ತದೆ. ಕೋಶ ಕೋಶಗಳ ನಡುವಣ ಬೆಸುಗೆ ಬಿಡುತ್ತದೆ. ನೀರು ಹೊರಕ್ಕೆ ಸೋರುತ್ತದೆ. ಇದೇ ಭೇದಿ.

ಹರಡುವ ಬಗೆ

ರೋಗಿಯ ಮಲದಲ್ಲಿ ಅಸಂಖ್ಯಾತ ಬೀಜಾಣುಗಳು ಹೊರಬೀಳುತ್ತವೆ. ಅಲ್ಲಿಂದ ಅವು ಶೌಚದ ಪಾತ್ರೆ, ಮಂಚದ ಸರಳು, ಬಾಗಿಲ ಹಿಡಿ, ಶುಶ್ರೂಷಕರ ಕೈ, ಇವುಗಳ ಮೂಲಕ ಇನ್ನೊಬ್ಬನ ಬಾಯಿಯನ್ನು ಸೇರುತ್ತವೆ. ಕೈಗೆ ಸವರಿಕೊಳ್ಳುವ ಸ್ಯಾನಿಟೈಸರ್‌ನಲ್ಲಿರುವ ಮದ್ಯಸಾರವು ಬೇರೆ ಅನೇಕ ಬ್ಯಾಕ್ಟೀರಿಯಗಳನ್ನು ಕೊಲ್ಲುವುದಾದರೂ ಬೀಜಾಣುವಿನ ಕವಚವನ್ನು ಅದು ಭೇದಿಸಲಾರದು. ಸಾಬೂನು ನೀರೂ ಬೀಜಾಣುವನ್ನು ಕೊಲ್ಲುವುದಿಲ್ಲ, ಆದರೆ ಉಜ್ಜಿ ತೊಳೆದಾಗ ಅದು ಚರ್ಮದಿಂದ ಕಳಚಿ ನೀರಿನೊಡನೆ ಹರಿದುಹೋಗುತ್ತದೆ. ಕೊಲ್ಲುವುದೇ ಬೇಕಾದರೆ ಕ್ಲೋರಿನ್ ಬೇಕು. ಬ್ಲೀಚಿಂಗ್ ದ್ರಾವಣದಲ್ಲಿ ದಶಲಕ್ಷ ಪಾಲಿಗೆ ಸಾವಿರ ಪಾಲಿಗೆ ಕಡಿಮೆಯಿಲ್ಲದಷ್ಟು ಕ್ಲೋರಿನ್ ಇದ್ದು, ಅದು ನೆಲ ಮತ್ತು ಸಾಮಾನುಗಳ ಮೇಲೆ ಕೆಲವು ನಿಮಿಷ ನಿಲ್ಲಬೇಕು. ಕೊಳೆಯನ್ನು ಮೊದಲು ತೊಳೆದು ತೆಗೆಯದಿದ್ದರೆ ಕ್ಲೋರಿನ್ ಕೊಳೆಯಲ್ಲಿಯೇ ವ್ಯಯವಾಗಿ ಹೋಗುತ್ತದೆ.

ಇದನ್ನು ಕಡೆಗಣಿಸಿದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ನಿದರ್ಶನವಿದೆ. 2003ರಿಂದ 2005ರ ವರೆಗೆ ಅಲ್ಲಿ ರೋಗವು ಎರಡು ಬಾರಿ ಹಬ್ಬಿ, 300ಕ್ಕೂ ಹೆಚ್ಚು ರೋಗಿಗಳಿಗೆ ತಗುಲಿ, 33 ಮಂದಿಯಾದರೂ ಅದರಿಂದ ಸತ್ತರೆಂದು ಸರಕಾರದ ತನಿಖಾ ವರದಿಯು 2006ರಲ್ಲಿ ತಿಳಿಸಿತು. ಭೇದಿಯಾದವರನ್ನು ಒಂಟಿ ಕೊಠಡಿಗೆ ಬೇರ್ಪಡಿಸದೆ ಇತರರ ನಡುವೆಯೇ ಮಲಗಿಸಿದುದು ಅಲ್ಲಿ ನಡೆದ ದೊಡ್ಡ ಲೋಪಗಳಲ್ಲೊಂದು.

ಹಾಗೆಂದು ಪ್ರತಿಯೊಂದು ರೋಗವೂ ಪಕ್ಕದ ಹಾಸಿಗೆಯಿಂದಲೇ ಬಂದುದೆಂದು ತಿಳಿಯಬಾರದು. 2007ರ ಸೆಪ್ಟೆಂಬರಿನಿಂದ 2011ರ ಮಾರ್ಚಿಯ ವರೆಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ಪ್ರಾಂತದಲ್ಲಿ ಕಂಡ ಸಾವಿರದ ಇನ್ನೂರಕ್ಕೂ ಹೆಚ್ಚು ರೋಗಪ್ರಸಂಗಗಳಲ್ಲಿ, ಪ್ರತಿಯೊಂದರ ಬ್ಯಾಕ್ಟೀರಿಯದ ಆನುವಂಶಿಕ ಲಿಪಿಯನ್ನೂ ಆದ್ಯಂತವಾಗಿ ಓದಿ ಹೋಲಿಸಿದರು. ಹಿಂದಿನ ಯಾವುದಾದರೊಬ್ಬ ರೋಗಿಯ ಬ್ಯಾಕ್ಟೀರಿಯಕ್ಕೆ ನಿಕಟ ಸಂಬಂಧಿಯಾಗಿದ್ದುವು ನೂರಕ್ಕೆ 35 ಮಾತ್ರ. ನೂರಕ್ಕೆ 45ರಷ್ಟು ಹಿಂದಿನ ಎಲ್ಲವುಗಳಿಂದಲೂ ಸ್ಪಷ್ಟವಾಗಿ ಬೇರೆಯಾಗಿದ್ದುವು. ಎಂದರೆ, ಬೀಜಾಣುಗಳು ನಮ್ಮ ಸುತ್ತಲಿನ ಲೋಕದಲ್ಲಿ ಚದುರಿಯೇ ಇವೆ. ರೋಗಲಕ್ಷಣವಿಲ್ಲದೆ ಅವನ್ನು ಹೊತ್ತು ತಿರುಗುವವರೂ ಇದ್ದಾರೆ. ಬೀಜ ಎಲ್ಲೆಡೆಯೂ ಬೀಳುತ್ತದೆ. ಹೊಲ ತೆರವಾಗಿದ್ದಲ್ಲಿ ಮೊಳೆಯುತ್ತದೆ.

ಇದಕ್ಕೆ ಪೂರಕವಾದ ಇನ್ನೊಂದು ಸಾಕ್ಷ್ಯವೂ ಆ ದೇಶದಿಂದಲೇ ಬಂದಿದೆ. 2007–08ರಲ್ಲಿ ಇಂಗ್ಲೆಂಡಿನಲ್ಲಿ 55 ಸಾವಿರಕ್ಕೂ ಹೆಚ್ಚು ರೋಗಪ್ರಸಂಗಗಳು ವರದಿಯಾಗಿದ್ದುವು. 2013–14ರಲ್ಲಿ ಅವು ಸುಮಾರು 13 ಸಾವಿರಕ್ಕೆ ಇಳಿದುವು. ಈ ಅವಧಿಯಲ್ಲಿ ಆಸ್ಪತ್ರೆಗಳ ಶುಚಿತ್ವವೂ ಹೆಚ್ಚಿತ್ತು, ಸಿಪ್ರೊಫ್ಲಾಕ್ಸಸಿನ್ ವರ್ಗದ ಔಷಧಗಳ ಬಳಕೆಯೂ ತಗ್ಗಿತ್ತು. ಕೀರ್ತಿ ಯಾವುದಕ್ಕೆ ಸಲ್ಲಬೇಕು? ಶುಚಿತ್ವವೇ ಮುಖ್ಯ ಕಾರಣವಾಗಿದ್ದರೆ ಎಲ್ಲ ತಳಿಗಳೂ ಸಮನಾಗಿ ಕಡಿಮೆಯಾಗಬೇಕಿತ್ತು. ನಡೆದುದು ಹಾಗಲ್ಲ. ಆ ವರ್ಗದ ಔಷಧಗಳಿಗೆ ಜಗ್ಗದ ತಳಿಗಳು ಬಹುಮಟ್ಟಿಗೆ ಮಾಯವಾದುವು. ಜಗ್ಗುವ ತಳಿಗಳು ಹೆಚ್ಚುಕಡಮೆ ಇದ್ದಂತೆಯೇ ಉಳಿದುವು. ಔಷಧದ ಮಿತಬಳಕೆಯೇ ಹೆಚ್ಚಿನ ಕೆಲಸವನ್ನು ಮಾಡಿತೆಂದು ಇದರಿಂದ ತಿಳಿಯುತ್ತದೆ.

ಒಂದು ರೋಗಪ್ರಸಂಗ

ಈಗ ವಿಷಯ ಸ್ಪಷ್ಟವಾಗುವಂತೆ ಒಂದು ಕಲ್ಪಿತ ರೋಗಪ್ರಸಂಗವನ್ನು ಹಂತಹಂತವಾಗಿ ನೋಡೋಣ. ಎಪ್ಪತ್ತು ವರ್ಷದ ಹೆಂಗಸೊಬ್ಬರು ಹಲ್ಲಿನ ಬಾವಿಗಾಗಿ ಏಳು ದಿನ ಕ್ಲಿಂಡಮೈಸಿನ್ ಸೇವಿಸಿದರೆಂದಿಟ್ಟುಕೊಳ್ಳೋಣ. ಔಷಧ ಮುಗಿದ ಐದನೆಯ ದಿನ ಅವರಿಗೆ ನೀರಾಗಿ ಭೇದಿಯಾಗತೊಡಗಿತು. ದಿನಕ್ಕೆ ಎಂಟು ಬಾರಿ, ಹೊಟ್ಟೆನೋವು, ಸ್ವಲ್ಪ ಜ್ವರ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮೂರು ಅಥವಾ ಹೆಚ್ಚು ಬಾರಿ ಹೊಸದಾಗಿ ಭೇದಿಯಾಗಿ, ಹಿಂದಿನ ಮೂರು ತಿಂಗಳೊಳಗೆ ಪ್ರತಿಜೈವಿಕ ಔಷಧವನ್ನು ಸೇವಿಸಿದ್ದುದುಂಟಾದರೆ ವೈದ್ಯರು ಡಿಫಿಸಿಲ್‌ನ್ನು ಶಂಕಿಸಬೇಕು. ಮೊದಲ ಒಂದು ತಿಂಗಳೇ ಹೆಚ್ಚು ಅಪಾಯದ ಕಾಲ.

ಮಲಪರೀಕ್ಷೆಯಲ್ಲಿ ಎರಡು ಬಗೆಯುಂಟು. ಒಂದು ವಿಷವನ್ನೇ ಹುಡುಕುತ್ತದೆ. ಇನ್ನೊಂದು ವಿಷವನ್ನು ತಯಾರಿಸಬಲ್ಲ ಬ್ಯಾಕ್ಟೀರಿಯದ ಆನುವಂಶಿಕ ದ್ರವ್ಯವನ್ನು ಹುಡುಕುತ್ತದೆ. ಎರಡನೆಯದು ಬಹು ಸೂಕ್ಷ್ಮವಾದುದು. ಆದರೆ ರೋಗವಿಲ್ಲದೆ ಬ್ಯಾಕ್ಟೀರಿಯವನ್ನು ಸುಮ್ಮನೆ ಹೊತ್ತವನಲ್ಲಿಯೂ ಅದು 'ಇದೆ' ಎಂದೇ ಹೇಳುತ್ತದೆ. ಆದುದರಿಂದ ಭೇದಿಯಿಲ್ಲದವರನ್ನು ಪರೀಕ್ಷಿಸುವುದು ಸಲ್ಲದು. ಗುಣವಾದ ಮೇಲೆ 'ಪೂರ್ತಿ ಹೋಯಿತೇ' ಎಂದು ಮತ್ತೆ ಪರೀಕ್ಷಿಸುವುದೂ ಸಲ್ಲದು. ಗುಣವಾದವರಲ್ಲಿಯೂ ವಾರಗಟ್ಟಲೆ ಅದು 'ಇದೆ' ಎಂದೇ ಹೇಳಿ ಇಲ್ಲದ ಚಿಕಿತ್ಸೆಗೆ ದಾರಿಮಾಡಬಹುದು. ರಕ್ತದಲ್ಲಿ ಬಿಳಿಯ ಕಣಗಳು ಘನ ಮಿಲಿಮೀಟರಿಗೆ 15 ಸಾವಿರವನ್ನು ಮುಟ್ಟಿದರೆ, ಅಥವಾ ಮೂತ್ರಪಿಂಡದ ಕೆಲಸವನ್ನು ಸೂಚಿಸುವ ಕ್ರಿಯಾಟಿನಿನ್ ಡೆಸಿಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ರೋಗವು ತೀವ್ರವೆಂದು ಗಣನೆ.

ಚಿಕಿತ್ಸೆಯ ಮೊದಲ ಹೆಜ್ಜೆ, ರೋಗಕ್ಕೆ ದಾರಿಮಾಡಿದ ಔಷಧವು ಇನ್ನೂ ನಡೆಯುತ್ತಿದ್ದು ಅದನ್ನು ಬಿಡಬಹುದಾದರೆ ಬಿಡಿಸುವುದು. ಎರಡನೆಯದು, ಕಳೆದುಹೋದ ನೀರು ಮತ್ತು ಲವಣಗಳನ್ನು ತುಂಬಿಕೊಡುವುದು. ಮೂರನೆಯದು ಡಿಫಿಸಿಲ್‌ನ್ನು ಕೊಲ್ಲುವ ಔಷಧ. ನಮ್ಮ ಈ ರೋಗಿಗೆ ವ್ಯಾಂಕೊಮೈಸಿನ್ 125 ಮಿಲಿಗ್ರಾಂನಂತೆ ದಿನಕ್ಕೆ ನಾಲ್ಕು ಸಲ, ಹತ್ತು ದಿನ ಬಾಯಿಯ ಮೂಲಕ ಕೊಟ್ಟರು. ಈ ಔಷಧದಲ್ಲಿ ಒಂದು ಸೋಜಿಗವಿದೆ. ಬಾಯಿಯ ಮೂಲಕ ಕೊಟ್ಟರೆ ಅದು ರಕ್ತಕ್ಕೆ ಹೀರಲ್ಪಡದೆ ಬಹುತೇಕ ಎಲ್ಲವೂ ದೊಡ್ಡ ಕರುಳಿಗೇ ಇಳಿಯುತ್ತದೆ. ಇತರ ರೋಗಗಳಲ್ಲಿ ದೋಷವೆನಿಸುವ ಈ ಗುಣವೇ ಇಲ್ಲಿ ವರ. ಅದನ್ನೇ ರಕ್ತನಾಳಕ್ಕೆ ಚುಚ್ಚಿದರೆ ಕರುಳಿನೊಳಕ್ಕೆ ಬರುವುದಿಲ್ಲವಾಗಿ ಈ ರೋಗಕ್ಕೆ ನಿರುಪಯುಕ್ತ. ಹಿಂದೆ ಬಹುಕಾಲ ಮೊದಲ ಆಯ್ಕೆಯಾಗಿದ್ದ ಮೆಟ್ರೊನಿಡಜೋಲ್ ಈಗ ಸೌಮ್ಯ ರೋಗದಲ್ಲಿ, ಬೇರೆ ಔಷಧ ದೊರೆಯದಾಗ ಮಾತ್ರ ಬಳಸತಕ್ಕುದೆನಿಸಿದೆ.

ಮೂರು ನಾಲ್ಕು ದಿನಗಳಲ್ಲಿ ಭೇದಿ ಇಳಿಮುಖವಾಯಿತು. ಹತ್ತನೆಯ ದಿನಕ್ಕೆ ರೋಗಿ ಸ್ವಸ್ಥರಾದರು. ಆದರೆ ಔಷಧ ನಿಂತ ಹನ್ನೆರಡನೆಯ ದಿನ ಭೇದಿ ಮತ್ತೆ ಆರಂಭವಾಯಿತು.

ಎರಡು ಗಡಿಯಾರಗಳು

ಇದು ವೈದ್ಯರ ತಪ್ಪೂ ಅಲ್ಲ, ರೋಗಿಯ ಪಥ್ಯದ ತಪ್ಪೂ ಅಲ್ಲ. ಕರುಳಿನಲ್ಲಿ ಎರಡು ಗಡಿಯಾರಗಳು ನಡೆಯುತ್ತಿವೆಯೆಂದು ಭಾವಿಸೋಣ. ವ್ಯಾಂಕೊಮೈಸಿನ್ ಬೆಳೆಯುವ ಡಿಫಿಸಿಲ್ ಕೋಶಗಳನ್ನು ಅಡಗಿಸಿತು. ಬೀಜಾಣುಗಳು ಹಾಗೆಯೇ ಉಳಿದುವು. ಅದರ ಜೊತೆಗೆ, ಇನ್ನೂ ಚೇತರಿಸಿಕೊಳ್ಳುತ್ತಿದ್ದ ಒಳ್ಳೆಯ ಬ್ಯಾಕ್ಟೀರಿಯಗಳಲ್ಲಿಯೂ ಅನೇಕವನ್ನು ಅದು ಕೊಂದಿತು. ಔಷಧ ನಿಂತ ಮೇಲೆ ಅದರ ಅಂಶ ಕರುಳಿನಿಂದ ಕೆಲವೇ ದಿನಗಳಲ್ಲಿ ತೊಲಗುತ್ತದೆ. ಇದು ಬೇಗ ನಡೆಯುವ ಗಡಿಯಾರ. ಕರುಳಿನ ಹಳೆಯ ನಿವಾಸಿಗಳು ಮತ್ತೆ ನೆಲಸಿ, ಪಿತ್ತಾಮ್ಲವನ್ನು ಮಾರ್ಪಡಿಸುವ ಕೆಲಸವನ್ನು ಕೈಗೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಇದು ನಿಧಾನದ ಗಡಿಯಾರ. ಈ ಎರಡರ ನಡುವಣ ಅಂತರದಲ್ಲಿ ಕರುಳು ಅನಾಥ. ಉಳಿದ ಬೀಜಾಣುವಾಗಲಿ, ಹೊರಗಿನಿಂದ ಹೊಸದಾಗಿ ಬಂದ ಬೀಜಾಣುವಾಗಲಿ ಆಗ ಮೊಳೆಯುತ್ತದೆ. ಮರುಕಳಿಕೆಗಳಲ್ಲಿ ಹೆಚ್ಚಿನವು ಮೊದಲ ಎಂಟು ವಾರಗಳಲ್ಲಿಯೇ ಬರುವುದಕ್ಕೆ ಇದೇ ಕಾರಣ.

ಮೊದಲ ಚಿಕಿತ್ಸೆಯ ಬಳಿಕ ಐದು ಮಂದಿಯಲ್ಲಿ ಸುಮಾರು ಒಬ್ಬರಿಗೆ ರೋಗ ಮರುಕಳಿಸುತ್ತದೆ. ಒಮ್ಮೆ ಮರುಕಳಿಸಿದವರಲ್ಲಿ ಇನ್ನೊಮ್ಮೆ ಮರುಕಳಿಸುವ ಸಂಭವ ಸುಮಾರು ದ್ವಿಗುಣ. ಪ್ರತಿಯೊಂದು ಚಿಕಿತ್ಸೆಯೂ ನಿಧಾನದ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಳ್ಳುವುದರಿಂದ ಹೀಗಾಗುತ್ತದೆ. ಅರವತ್ತೈದು ದಾಟಿದವರಲ್ಲಿಯೂ, ಬೇರೆ ಕಾರಣಕ್ಕೆ ಪ್ರತಿಜೈವಿಕ ಔಷಧವನ್ನು ಮುಂದುವರಿಸಬೇಕಾದವರಲ್ಲಿಯೂ, ರೋಗನಿರೋಧಶಕ್ತಿ ಕುಗ್ಗಿದವರಲ್ಲಿಯೂ ಅಪಾಯ ಹೆಚ್ಚು.

ಮರುಕಳಿಕೆಯನ್ನು ತಡೆಯುವ ಉಪಾಯಗಳೆಲ್ಲ ಈ ಎರಡು ಗಡಿಯಾರಗಳನ್ನು ಹೊಂದಿಸುವ ಉಪಾಯಗಳೇ. ಮೊದಲನೆಯದು, ಒಳ್ಳೆಯ ನಿವಾಸಿಗಳನ್ನು ಆದಷ್ಟು ಮುಟ್ಟದೆ ಡಿಫಿಸಿಲ್‌ನ್ನು ಮಾತ್ರ ಹೊಡೆಯುವ ಔಷಧ. ಫಿಡಾಕ್ಸೊಮೈಸಿನ್ ಅಂಥದು, 200 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, ಹತ್ತು ದಿನ. 2011ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ರೋಗವನ್ನು ಗುಣಪಡಿಸುವುದರಲ್ಲಿ ಇದು ವ್ಯಾಂಕೊಮೈಸಿನ್‌ಗೆ ಸಮನಾಗಿತ್ತು; ಮರುಕಳಿಕೆ ಮಾತ್ರ ನೂರಕ್ಕೆ 25ರಿಂದ 15ಕ್ಕೆ ಇಳಿಯಿತು. ಅಮೆರಿಕದ ಸಾಂಕ್ರಾಮಿಕ ರೋಗತಜ್ಞರ ಸಂಘವು 2021ರಲ್ಲಿ ಇದನ್ನೇ ಮೊದಲ ಆಯ್ಕೆಯಾಗಿ ಸೂಚಿಸಿತು. ಬೆಲೆ ಬಹಳ ಹೆಚ್ಚೆಂಬುದೇ ಇದಕ್ಕಿರುವ ಅಡ್ಡಿ.

ಎರಡನೆಯದು, ವ್ಯಾಂಕೊಮೈಸಿನ್ನನ್ನೇ ಒಮ್ಮೆಗೆ ನಿಲ್ಲಿಸದೆ ಇಳಿಸುತ್ತ ಬರುವುದು. ಎರಡು ವಾರದ ಮಟ್ಟಿಗೆ ದಿನಕ್ಕೆ ನಾಲ್ಕು ಸಲ, ಮುಂದಿನ ವಾರ ಎರಡು ಸಲ, ಅದರ ಮುಂದಿನ ವಾರ ಒಂದು ಸಲ, ಆಮೇಲೆ ಎರಡು ಮೂರು ದಿನಗಳಿಗೊಮ್ಮೆಯಂತೆ ಕೆಲವು ವಾರ. ನಡುವಣ ಬಿಡುವಿನಲ್ಲಿ ಮೊಳೆತ ಬೀಜಾಣುಗಳನ್ನು ಮುಂದಿನ ಗುಳಿಗೆ ಹೊಡೆಯುತ್ತದೆ. ಅದೇ ಬಿಡುವಿನಲ್ಲಿ ಒಳ್ಳೆಯ ನಿವಾಸಿಗಳು ಮೆಲ್ಲಮೆಲ್ಲನೆ ಹಿಂದಿರುಗುತ್ತವೆ. ನಮ್ಮ ಆ ರೋಗಿಗೂ ವೈದ್ಯರು ಈ ಕ್ರಮವನ್ನು ಹಿಡಿದರೆಂದು ಭಾವಿಸಬಹುದು. ಬಿ ವಿಷವನ್ನು ಕಟ್ಟಿಹಾಕುವ ಬೆಜ್ಲೊಟಾಕ್ಸುಮಾಬ್ ಎಂಬ ಪ್ರತಿವಿಷವೊಂದು 2016ರಲ್ಲಿ ಬಂದಿತ್ತು. ಅದನ್ನು ತಯಾರಕರು 2025ರಲ್ಲಿ ನಿಲ್ಲಿಸಿದರು.

ಕರುಳಿಗೆ ಹೊಸ ನಿವಾಸಿಗಳು

ಮೂರನೆಯ ಉಪಾಯ ಮೊದಲ ಕೇಳ್ವಿಗೆ ಅಸಹ್ಯವೆನಿಸಬಹುದು. ನಿಧಾನದ ಗಡಿಯಾರಕ್ಕೆ ಕಾಯುವುದೇಕೆ, ಆರೋಗ್ಯವಂತನ ಕರುಳಿನ ನಿವಾಸಿಗಳನ್ನೇ ತಂದು ನೆಡಬಾರದೇಕೆ ಎಂಬುದೇ ಇದರ ತರ್ಕ. 1958ರಲ್ಲಿಯೇ, ಡಿಫಿಸಿಲ್‌ನ ಪಾತ್ರ ತಿಳಿಯುವ ಮುನ್ನವೇ, ಅಮೆರಿಕದ ಡೆನ್ವರ್‌ನಲ್ಲಿ ಐಸ್ಮನ್ ಎಂಬ ಶಸ್ತ್ರವೈದ್ಯರೂ ಸಂಗಡಿಗರೂ, ಪ್ರತಿಜೈವಿಕ ಔಷಧದ ಬಳಿಕ ಕರುಳು ಕೆಟ್ಟು ಸಾಯುವ ಸ್ಥಿತಿಯಲ್ಲಿದ್ದ ನಾಲ್ವರು ರೋಗಿಗಳಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ಬಸ್ತಿಯ ಮೂಲಕ ಕೊಟ್ಟು ಬದುಕಿಸಿದ್ದರು.

ಇದರ ನಿಷ್ಕೃಷ್ಟ ಪರೀಕ್ಷೆ ನಡೆದುದು ಆಮ್‌ಸ್ಟರ್‌ಡಾಮಿನಲ್ಲಿ. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ರೋಗ ಮರುಕಳಿಸಿದವರನ್ನು ಚೀಟಿಯೆತ್ತಿದಂತೆ ಮೂರು ಗುಂಪಾಗಿ ವಿಂಗಡಿಸಿದರು. ಒಂದು ಗುಂಪಿಗೆ ವ್ಯಾಂಕೊಮೈಸಿನ್ ಮಾತ್ರ. ಇನ್ನೊಂದಕ್ಕೆ ವ್ಯಾಂಕೊಮೈಸಿನ್ ಮತ್ತು ಕರುಳನ್ನು ತೊಳೆಯುವಿಕೆ. ಮೂರನೆಯದಕ್ಕೆ ಕೆಲವೇ ದಿನ ವ್ಯಾಂಕೊಮೈಸಿನ್, ಕರುಳನ್ನು ತೊಳೆಯುವಿಕೆ, ಅನಂತರ ಪರೀಕ್ಷಿಸಿದ ದಾನಿಯ ಮಲದ ಸೋಸಿದ ದ್ರಾವಣವನ್ನು ಮೂಗಿನಿಂದ ಸಣ್ಣ ಕರುಳಿಗಿಳಿಸಿದ ನಳಿಕೆಯ ಮೂಲಕ ಹನಿಸುವಿಕೆ. ಮೊದಲ ಗುಂಪಿನ 13 ಮಂದಿಯಲ್ಲಿ 4, ಎರಡನೆಯದರ 13ರಲ್ಲಿ 3, ಮೂರನೆಯದರ 16ರಲ್ಲಿ 13 ಮಂದಿ ಮರುಕಳಿಕೆಯಿಲ್ಲದೆ ಗುಣವಾದರು. ಉಳಿದ ಮೂವರಲ್ಲಿ ಇಬ್ಬರು ಇನ್ನೊಂದು ದಾನಿಯ ದ್ರಾವಣದಿಂದ ಗುಣವಾದರು. ವ್ಯತ್ಯಾಸ ಇಷ್ಟು ಸ್ಪಷ್ಟವಾದುದರಿಂದ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಎರಡನೆಯ ಗುಂಪಿನ ಪಾಠವನ್ನು ಇಲ್ಲಿ ಗಮನಿಸಬೇಕು: ಕರುಳನ್ನು ತೊಳೆದುದರಿಂದ ಮಾತ್ರ ಪ್ರಯೋಜನವಾಗಲಿಲ್ಲ, ನಿವಾಸಿಗಳನ್ನು ನೆಟ್ಟುದರಿಂದ ಆಯಿತು.

ಅಪಾಯವಿಲ್ಲದೆ ಇಲ್ಲ. 2019ರಲ್ಲಿ ಅಮೆರಿಕದಲ್ಲಿ, ರೋಗನಿರೋಧಶಕ್ತಿ ಕುಗ್ಗಿದ್ದ ಇಬ್ಬರಿಗೆ ಒಬ್ಬನೇ ದಾನಿಯ ಮಲದಿಂದ ಔಷಧಗಳಿಗೆ ಜಗ್ಗದ ಇ. ಕೋಲಿ ಬ್ಯಾಕ್ಟೀರಿಯ ತಗುಲಿ, ಅವರಲ್ಲೊಬ್ಬರು ಸತ್ತರು. ಆ ಬಳಿಕ ದಾನಿಗಳ ಪರೀಕ್ಷೆ ಬಿಗಿಯಾಯಿತು. ಇಂಥ ಚಿಕಿತ್ಸೆಯನ್ನು ಮನೆಯಲ್ಲಿ ತಾವಾಗಿ ಎಂದಿಗೂ ಮಾಡತಕ್ಕುದಲ್ಲ. 2022ರಲ್ಲಿ ಬಸ್ತಿಯ ರೂಪದ, 2023ರಲ್ಲಿ ಗುಳಿಗೆಯ ರೂಪದ ಸಿದ್ಧ ಔಷಧಗಳಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಗುಳಿಗೆಯನ್ನು ತಯಾರಿಸುವ ಕ್ರಮ ಸ್ವಾರಸ್ಯವಾದುದು. ದಾನಿಯ ಮಲಕ್ಕೆ ಮದ್ಯಸಾರವನ್ನು ಬೆರೆಸುತ್ತಾರೆ. ಬೇಡದ ಅನೇಕ ಜೀವಿಗಳು ಸಾಯುತ್ತವೆ, ಒಳ್ಳೆಯ ಜಾತಿಗಳ ಬೀಜಾಣುಗಳು ಉಳಿಯುತ್ತವೆ. ಯಾವ ಗುಣದಿಂದ ಡಿಫಿಸಿಲ್ ನಮ್ಮ ಕೈಯ ಮೇಲೆ ಸ್ಯಾನಿಟೈಸರನ್ನು ತಪ್ಪಿಸಿಕೊಳ್ಳುವುದೋ ಅದೇ ಗುಣವನ್ನು ಅದರ ವೈರಿಗಳನ್ನು ಆರಿಸುವುದಕ್ಕೆ ಬಳಸಿದ್ದಾರೆ. ದಾನಿಯಲ್ಲಿ ಡಿಫಿಸಿಲ್ ಇಲ್ಲವೆಂದು ಮೊದಲೇ ಪರೀಕ್ಷಿಸಿರುವುದು ಇಲ್ಲಿ ಅತ್ಯಗತ್ಯ.

ಮನೆಯಲ್ಲಿ ನೆನಪಿಡತಕ್ಕುವು

ಪ್ರತಿಜೈವಿಕ ಔಷಧದ ಸಂಗಡ ಅಥವಾ ಅದರ ಬಳಿಕ ಭೇದಿ ಹತ್ತಿದಾಗ, ಅದನ್ನು ನಿಲ್ಲಿಸುವ ಲೋಪೆರಮೈಡ್‌ನಂಥ ಗುಳಿಗೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು. ಕರುಳಿನ ಚಲನೆ ನಿಂತರೆ ವಿಷವು ಒಳಗೇ ಉಳಿಯುತ್ತದೆ. ಹೊಟ್ಟೆ ಉಬ್ಬಿ, ಜ್ವರವೇರಿ, ಭೇದಿ ತಟಕ್ಕನೆ ನಿಂತರೆ ಅದು ಗುಣವಾದ ಲಕ್ಷಣವಲ್ಲ. ಕರುಳು ಸ್ತಬ್ಧವಾಗುತ್ತಿರುವ ಸೂಚನೆ ಅದು. ಒಡನೆಯೇ ಆಸ್ಪತ್ರೆಗೆ ಹೋಗಬೇಕು. ಆಗ ಔಷಧದ ಪ್ರಮಾಣವನ್ನು ಹೆಚ್ಚಿಸಿ ಗುದದ ಮೂಲಕವೂ ಕೊಡಬೇಕಾಗುತ್ತದೆ. ಕೆಲವೊಮ್ಮೆ ಕರುಳನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ.

ರೋಗಿಗೆ ಸಾಧ್ಯವಾದರೆ ಬೇರೆ ಶೌಚಗೃಹವಿರಲಿ. ಭೇದಿ ನಿಂತು ಎರಡು ದಿನಗಳಾಗುವವರೆಗಾದರೂ ಈ ಏರ್ಪಾಡು ನಡೆಯಲಿ. ಶುಶ್ರೂಷೆ ಮಾಡುವವರು ಸಾಬೂನು ನೀರಿನಿಂದಲೇ ಕೈ ತೊಳೆಯಲಿ. ಮನೆಯ ಆರೋಗ್ಯವಂತರು ಪ್ರತಿಜೈವಿಕ ಔಷಧವನ್ನು ಸೇವಿಸುತ್ತಿಲ್ಲವಾದರೆ ಅವರಿಗೆ ರೋಗ ಬರುವುದು ವಿರಳ. ಅವರ ಕರುಳಿನ ಕಾವಲು ಗಟ್ಟಿಯಾಗಿದೆ. ಮೊಸರು ಮಜ್ಜಿಗೆಗಳು ಒಳ್ಳೆಯ ಆಹಾರವೇ. ಆದರೆ ಪಿತ್ತಾಮ್ಲವನ್ನು ಮಾರ್ಪಡಿಸುವ ಜಾತಿಗಳು ಅವುಗಳಲ್ಲಿಲ್ಲವಾಗಿ, ಅವು ಮರುಕಳಿಕೆಯನ್ನು ತಡೆಯುವುವೆಂದು ನಂಬಿ ಕೂಡುವಂತಿಲ್ಲ.

ಒಮ್ಮೆ ಈ ರೋಗಕ್ಕೆ ಗುರಿಯಾದವರು ಮುಂದೆ ಯಾವ ವೈದ್ಯರಲ್ಲಿಗೆ ಹೋದರೂ, ದಂತವೈದ್ಯರೇ ಆಗಲಿ, ಆ ವಿಷಯವನ್ನು ಮೊದಲು ಹೇಳಬೇಕು. ಪ್ರತಿಜೈವಿಕ ಔಷಧ ನಿಜವಾಗಿಯೂ ಬೇಕೇ, ಬೇಕಾದರೆ ಕರುಳಿಗೆ ಕಡಿಮೆ ಹಾನಿಮಾಡುವುದು ಯಾವುದು, ಎಷ್ಟು ಕಡಿಮೆ ದಿನ ಸಾಕು ಎಂದು ವೈದ್ಯರು ಆಗ ಯೋಚಿಸಬಲ್ಲರು. ನಮ್ಮ ದೇಶದಲ್ಲಿ 2014ರಿಂದ ಕೆಲವು ಪ್ರತಿಜೈವಿಕ ಔಷಧಗಳನ್ನು ಎಚ್1 ಎಂಬ ವಿಶೇಷ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದೂ ಮಾರಾಟವನ್ನು ದಾಖಲೆಯಲ್ಲಿ ಬರೆದಿಡಬೇಕೆಂದೂ ನಿಯಮ ಮಾಡಿದ್ದಾರೆ. ನೆಗಡಿಯಂಥ ವೈರಸ್ ರೋಗಗಳ ಮೇಲೆ ಈ ಔಷಧಗಳು ಏನನ್ನೂ ಮಾಡಲಾರವು. ಅಂಥ ರೋಗಕ್ಕೆ ಇವನ್ನು ಕೊಂಡು ನುಂಗಿದವನು ನೆಗಡಿಯನ್ನು ಕಳೆದುಕೊಳ್ಳುವುದಿಲ್ಲ. ವಾರಗಟ್ಟಲೆ ಕಾದರೂ ಸುಲಭವಾಗಿ ಮರಳಿ ಬಾರದ ತನ್ನ ಕರುಳಿನ ಕಾವಲುಗಾರರನ್ನು ಕಳೆದುಕೊಳ್ಳುತ್ತಾನೆ.